ಲ್ಯಾಬ್ ವಜ್ರವೋ, ಗಣಿ ವಜ್ರವೋ? ಶಿರಸಿಯ ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ನಮ್ಮದು ಚಿಕ್ಕ ಚಿನ್ನದ ಅಂಗಡಿ. ಅಪ್ಪ ಕೂತಿದ್ದ ಗಾದಿಯ ಮೇಲೆ ಈಗ ನಾನು ಕೂರುತ್ತೇನೆ. ನಮ್ಮ ಕಡೆ ವಜ್ರ ಅಂದರೆ ಮೂಗುಬೊಟ್ಟು, ಬೆಂಡೋಲೆ, ಅಷ್ಟೇ ಇತ್ತು. ಈಗ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಒಂಟಿ ಹರಳಿನ ಉಂಗುರ ತರುತ್ತಾರೆ. ಅದನ್ನು ಕೆಲವರು ನಮ್ಮ ಕಟ್ಟೆಯ ಮೇಲೆ ಇಟ್ಟು, "ಶೇಟ್ರೇ, ಇದು ಖರೇ ವಜ್ರನಾ?" ಅಂತ ಕೇಳುತ್ತಾರೆ. ಆ ಪ್ರಶ್ನೆಯಿಂದ ಹುಟ್ಟುವ ಉಳಿದ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಲ್ಯಾಬ್ ವಜ್ರ ಅಂದ್ರೆ ಅಮೆರಿಕನ್ ಡೈಮಂಡಾ?

ಅಲ್ಲ. ಇವೆರಡನ್ನು ಒಂದೇ ಅಂದುಕೊಂಡವರು ತುಂಬಾ ಜನ. ಅಮೆರಿಕನ್ ಡೈಮಂಡ್ ಅನ್ನುವುದು ಕ್ಯೂಬಿಕ್ ಜಿರ್ಕೋನಿಯಾ ಎಂಬ ಬೇರೆಯೇ ವಸ್ತು. ಅದರಲ್ಲಿ ಇಂಗಾಲ ಇಲ್ಲ, ಅದು ವಜ್ರವೇ ಅಲ್ಲ. ಅದೇ ಅಳತೆಯ ವಜ್ರಕ್ಕಿಂತ ಅದು ಒಂದೂವರೆ ಪಟ್ಟಿಗೂ ಜಾಸ್ತಿ ತೂಗುತ್ತದೆ. ನಾಲ್ಕಾರು ವರ್ಷ ದಿನಾ ಹಾಕಿದರೆ ಅಂಚು ಸವೆದು ಮಂಕಾಗುತ್ತದೆ.

ಲ್ಯಾಬ್ ವಜ್ರ ಹಾಗಲ್ಲ. ಅದು ಇಂಗಾಲದಿಂದಲೇ ಆದ ಹರಳು. ಗಟ್ಟಿತನ ಅದೇ, ಹೊಳಪು ಅದೇ, ತೂಕವೂ ಅದೇ. ಗಣಿಯದ್ದು ಭೂಮಿಯೊಳಗೆ ನೂರೈವತ್ತು ಕಿಲೋಮೀಟರಿಗೂ ಆಳದಲ್ಲಿ, ಕೋಟಿಗಟ್ಟಲೆ ವರ್ಷಗಳ ಹಿಂದೆ ಬೆಳೆದದ್ದು. ಲ್ಯಾಬಿನದ್ದು ಯಂತ್ರದೊಳಗೆ ಕೆಲವೇ ವಾರಗಳಲ್ಲಿ ಬೆಳೆದದ್ದು. ಆದ್ದರಿಂದ "ಖರೇ ವಜ್ರನಾ?" ಎಂದು ಕೇಳಿದರೆ ಎರಡಕ್ಕೂ "ಹೌದು" ಎಂಬುದೇ ಉತ್ತರ. "ಎಲ್ಲಿ ಹುಟ್ಟಿದ್ದು?" ಅಂತ ಕೇಳಬೇಕು. ದುಡ್ಡಿನ ಲೆಕ್ಕ ನಿಂತಿರುವುದು ಅದರ ಮೇಲೆ.

ಅದನ್ನು ಹೇಗೆ ಬೆಳೆಸುತ್ತಾರೆ?

ಎರಡು ದಾರಿ ಇವೆ. ಒಂದು ಎಚ್‌ಪಿಎಚ್‌ಟಿ. ಇಂಗಾಲವನ್ನು ಕರಗಿದ ಲೋಹದಲ್ಲಿಟ್ಟು, ಭಾರೀ ಒತ್ತಡ ಮತ್ತು 1,300 ಡಿಗ್ರಿಗೂ ಜಾಸ್ತಿ ಶಾಖ ಕೊಟ್ಟು ಹರಳು ಕಟ್ಟಿಸುವುದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು 1954ರಲ್ಲಿ ಮೊದಲು ಮಾಡಿದ್ದು ಈ ರೀತಿಯಲ್ಲೇ. ಇನ್ನೊಂದು ಸಿವಿಡಿ. ತೆಳ್ಳಗಿನ ವಜ್ರದ ಬಿಲ್ಲೆಯನ್ನು ಬೀಜದಂತೆ ಇಟ್ಟು, ಮೀಥೇನ್ ಮತ್ತು ಹೈಡ್ರೋಜನ್ ಅನಿಲ ತುಂಬಿ, ಮೈಕ್ರೋವೇವ್‌ನಿಂದ ಅದನ್ನು ಬೆಂಕಿಯ ಮೋಡದಂತೆ ಮಾಡುತ್ತಾರೆ. ಇಂಗಾಲ ಆ ಬೀಜದ ಮೇಲೆ ಪದರ ಪದರವಾಗಿ ಕೂರುತ್ತದೆ. ನಮ್ಮ ದೇಶದಲ್ಲಿ, ಮುಖ್ಯವಾಗಿ ಸೂರತ್‌ನಲ್ಲಿ, ಬೆಳೆಯುವುದು ಹೆಚ್ಚಾಗಿ ಸಿವಿಡಿ. ಅದಕ್ಕೇ ವ್ಯಾಪಾರದಲ್ಲಿ ಲ್ಯಾಬ್ ವಜ್ರಕ್ಕೆ "ಸಿವಿಡಿ ಡೈಮಂಡ್" ಅಂತಲೇ ಹೆಸರು ಬಿದ್ದಿದೆ. ಅಂಗಡಿಯವರು "ಸಿವಿಡಿ" ಅಂದರೆ ಅದೇನೋ ಮೇಲ್ಮಟ್ಟದ ದರ್ಜೆ ಅಂದುಕೊಳ್ಳಬೇಡಿ. ಅದು ಲ್ಯಾಬ್ ವಜ್ರ ಅನ್ನುವುದಕ್ಕೆ ಇನ್ನೊಂದು ಹೆಸರು.

ಕಣ್ಣಿಗೆ ಗೊತ್ತಾಗುತ್ತಾ? ನೀವು ಪೆನ್ನಿನಂಥ ಯಂತ್ರ ಮುಟ್ಟಿಸುತ್ತೀರಲ್ಲ?

ಕಣ್ಣಿಗೆ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ಕಾಣುವ ಲೂಪ್ ಇಟ್ಟು ನೋಡಿದರೂ, ಸ್ವಚ್ಛವಾದ ಹರಳಾದರೆ ಹೇಳಲಾಗದು. ಯಾರಾದರೂ "ನಾನು ನೋಡಿದರೆ ಸಾಕು, ಹೇಳಿಬಿಡುತ್ತೇನೆ" ಅಂದರೆ ನಂಬಬೇಡಿ.

ಆ ಪೆನ್ನು ನೋಡುವುದು ಹರಳಿನ ಮೂಲಕ ಶಾಖ ಎಷ್ಟು ಬೇಗ ಹರಿಯುತ್ತದೆ ಅನ್ನುವುದನ್ನು ಮಾತ್ರ. ಗಾಜು, ಅಮೆರಿಕನ್ ಡೈಮಂಡ್ ಇದ್ದರೆ ಅದು ಹಿಡಿದುಕೊಡುತ್ತದೆ. ಲ್ಯಾಬ್ ವಜ್ರಕ್ಕೂ ಗಣಿ ವಜ್ರಕ್ಕೂ ಅದು ಒಂದೇ ರೀತಿ ಬೀಪ್ ಮಾಡುತ್ತದೆ. ಮಾಯ್ಸನೈಟ್ ಅನ್ನುವ ಇನ್ನೊಂದು ಹರಳಿಗೂ ಕೆಲವು ಪೆನ್ನುಗಳು ಬೀಪ್ ಮಾಡುತ್ತವೆ. ಹಾಗಾಗಿ ಪೆನ್ನು ಮುಟ್ಟಿಸಿ, "ನೋಡಿ, ಒರಿಜಿನಲ್" ಅಂದರೆ ಅರ್ಧ ಮಾತು ಮಾತ್ರ ಹೇಳಿದಂತೆ.

ನಿಜವಾದ ಪರೀಕ್ಷೆ ಹರಳಿನೊಳಗಿನ ಸಾರಜನಕದ ಮೇಲೆ ನಿಂತಿದೆ. ಭೂಮಿಯೊಳಗೆ ನಿಧಾನವಾಗಿ ಬೆಳೆದ ಬಹುತೇಕ ವಜ್ರಗಳಲ್ಲಿ ಸಾರಜನಕದ ಕಣಗಳು ಗುಂಪು ಕಟ್ಟಿಕೊಂಡಿರುತ್ತವೆ. ಸಿವಿಡಿ ಹರಳಿನಲ್ಲಿ ಸಾರಜನಕ ಹೆಚ್ಚುಕಡಿಮೆ ಇರುವುದೇ ಇಲ್ಲ. ಇಂಥ ಶುದ್ಧ ಹರಳಿಗೆ ಟೈಪ್ ಟು-ಎ ಅಂತ ಹೆಸರು. ಗಣಿ ವಜ್ರಗಳಲ್ಲಿ ಇಂಥವು ನೂರಕ್ಕೆ ಒಂದೆರಡು ಮಾತ್ರ. ಜರಡಿ ಹಿಡಿಯುವ ಯಂತ್ರ ಈ ಗುಣವನ್ನು ನೋಡಿ "ಇದು ಗಣಿಯದ್ದು" ಅಥವಾ "ಇದನ್ನು ದೊಡ್ಡ ಪರೀಕ್ಷಾಲಯಕ್ಕೆ ಕಳಿಸಿ" ಅಂತ ಬೇರೆ ಮಾಡುತ್ತದೆ. ಕೊನೆಯ ತೀರ್ಪು ಆ ಪರೀಕ್ಷಾಲಯದ್ದೇ. ಚಿಕ್ಕ ಊರಿನ ಅಂಗಡಿಯಲ್ಲಿ ಆ ಯಂತ್ರ ಇರುವುದು ಅಪರೂಪ. ನಮ್ಮಲ್ಲೂ ಇಲ್ಲ. ಬೇಕಾದರೆ ಹರಳನ್ನು ಮುಂಬೈಗೆ ಕಳಿಸುತ್ತೇವೆ.

ಬೆಲೆಯಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ? ಲ್ಯಾಬಿನದ್ದು ಇಳಿಯುತ್ತಲೇ ಇದೆಯಲ್ಲ?

ಹತ್ತು ವರ್ಷದ ಹಿಂದೆ ಲ್ಯಾಬ್ ವಜ್ರಕ್ಕೂ ಗಣಿ ವಜ್ರಕ್ಕೂ ಬೆಲೆಯಲ್ಲಿ ಅಂಥ ದೊಡ್ಡ ಅಂತರ ಇರಲಿಲ್ಲ. ಸ್ವಲ್ಪ ಅಗ್ಗ ಇತ್ತು, ಅಷ್ಟೇ. ಈಗ ಒಂದು ಕ್ಯಾರೆಟ್‌ನ ಹರಳಾದರೆ ಗಣಿಯದ್ದಕ್ಕೆ ಕೊಡುವ ದುಡ್ಡಿನ ಹತ್ತನೇ ಒಂದು ಭಾಗಕ್ಕೇ ಲ್ಯಾಬಿನದ್ದು ಸಿಗುತ್ತದೆ. ಸಗಟಿನಲ್ಲಿ ಅದಕ್ಕಿಂತಲೂ ಕಡಿಮೆ.

ಕಾರಣ ಸರಳ. ಗಣಿಯಲ್ಲಿ ಹರಳು ಇಷ್ಟೇ ಸಿಗುತ್ತದೆ. ಯಂತ್ರವನ್ನು ಮಾತ್ರ ಇನ್ನೊಂದು, ಮತ್ತೊಂದು ಅಂತ ಇಡುತ್ತಲೇ ಹೋಗಬಹುದು. ಚೀನಾದಲ್ಲಿ ಇಟ್ಟರು, ಸೂರತ್‌ನಲ್ಲಿ ಇಟ್ಟರು. 2023ರ ಕೇಂದ್ರ ಬಜೆಟ್‌ನಲ್ಲಿ ವಜ್ರದ ಬೀಜದ ಮೇಲಿನ ಆಮದು ಸುಂಕವನ್ನು ತೆಗೆದರು. ಹರಳು ರಾಶಿ ಬಿತ್ತು, ಬೆಲೆ ಇಳಿಯಿತು. ಗಣಿ ವಜ್ರದ ದೊಡ್ಡ ಹೆಸರಾದ ಡಿ ಬೀರ್ಸ್ ಕಂಪನಿ ಲೈಟ್‌ಬಾಕ್ಸ್ ಅನ್ನುವ ಹೆಸರಿನಲ್ಲಿ 2018ರಲ್ಲಿ ಲ್ಯಾಬ್ ವಜ್ರ ಮಾರಲು ಶುರು ಮಾಡಿತು. ಆಗ ಕ್ಯಾರೆಟ್‌ಗೆ 800 ಡಾಲರ್ ಇಟ್ಟಿದ್ದರು. ಆಮೇಲೆ ಅದನ್ನೂ ಇಳಿಸಿದರು. 2025ರಲ್ಲಿ ಆ ವ್ಯವಹಾರವನ್ನೇ ಮುಚ್ಚುತ್ತೇವೆ ಅಂದರು. ಅಂಥ ಕಂಪನಿಗೇ ಈ ಬೆಲೆಯಲ್ಲಿ ಗಿಟ್ಟಲಿಲ್ಲ.

ನಮ್ಮೂರಿನ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಒಂದೇ ಬೆಳೆ ಹಾಕಿ, ಎಲ್ಲರ ಫಸಲೂ ಒಟ್ಟಿಗೇ ಬಂದರೆ ದರ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಅಡಿಕೆ ಸಸಿ ಫಲ ಕೊಡಲು ವರ್ಷಗಟ್ಟಲೆ ಬೇಕು. ಇದಕ್ಕೆ ಕೆಲವು ವಾರ ಸಾಕು.

ವಾಪಸ್ ಮಾರಿದರೆ ಎಷ್ಟು ಬರುತ್ತದೆ?

ಒಂದು ನಿಜವಾದ ಬಿಲ್ಲಿನ ಲೆಕ್ಕವನ್ನೇ ಹೇಳುತ್ತೇನೆ. ಸಂಖ್ಯೆಗಳನ್ನು ಸ್ವಲ್ಪ ಗುಂಡಗೆ ಮಾಡಿದ್ದೇನೆ.

2025ರ ದೀಪಾವಳಿ ಕಳೆದ ಮೇಲೆ ಸಿದ್ದಾಪುರದ ಕಡೆಯ ಒಬ್ಬ ಅಕ್ಕ ಬಂದಿದ್ದರು. ಮಗ 2023ರಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ಉಂಗುರ ತೆಗೆದುಕೊಂಡಿದ್ದ. ಸೊಸೆಗೆ ಅದು ಬಿಗಿಯಾಗಿತ್ತು, ಹಾಕುತ್ತಿರಲಿಲ್ಲ. ಕೊಟ್ಟು ಬಳೆ ಮಾಡಿಸೋಣ ಅಂತ ತಂದಿದ್ದರು. ಬಿಲ್ಲಿನಲ್ಲಿ ಹೀಗಿತ್ತು: 18 ಕ್ಯಾರೆಟ್ ಚಿನ್ನ 3.2 ಗ್ರಾಂ, ಗ್ರಾಂಗೆ 4,500ರಂತೆ 14,400 ರೂಪಾಯಿ. ಹರಳು 1.01 ಕ್ಯಾರೆಟ್, 65,000. ಮಜೂರಿ 5,600. ಒಟ್ಟು 85,000. ಅದರ ಮೇಲೆ ನೂರಕ್ಕೆ ಮೂರರಂತೆ ಜಿಎಸ್‌ಟಿ 2,550. ಕೊಟ್ಟದ್ದು 87,550 ರೂಪಾಯಿ.

ಉಂಗುರವನ್ನು ತಕ್ಕಡಿಗೆ ಹಾಕಿದೆ. 3.40 ಗ್ರಾಂ ಬಂತು. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಹರಳಿನ ತೂಕ ಕಳೆದರೆ ಚಿನ್ನ ಸರಿಯಾಗಿ 3.2 ಗ್ರಾಂ. ಅಲ್ಲಿಗೆ ತೂಕದಲ್ಲಿ ಮೋಸ ಇಲ್ಲ. ಆಮೇಲೆ ಜೊತೆಗಿದ್ದ ಸರ್ಟಿಫಿಕೇಟ್ ಬಿಚ್ಚಿದೆ. ಸಂಖ್ಯೆ LG ಅಕ್ಷರಗಳಿಂದ ಶುರುವಾಗಿತ್ತು. ಲೂಪ್ ಹಿಡಿದು ಹರಳಿನ ಸೊಂಟದ ಸುತ್ತ ತಿರುಗಿಸಿದೆ. ಕೂದಲಿಗಿಂತ ಸಣ್ಣ ಅಕ್ಷರದಲ್ಲಿ ಅದೇ ಸಂಖ್ಯೆ ಇತ್ತು. ಲ್ಯಾಬ್ ವಜ್ರ.

ಆವತ್ತು 18 ಕ್ಯಾರೆಟ್ ಚಿನ್ನಕ್ಕೆ ಗ್ರಾಂಗೆ 9,000 ಹಿಡಿದೆ. ಚಿನ್ನದ ಬಾಬ್ತು 28,800. ಹರಳಿನ ಬಾಬ್ತು ಸೊನ್ನೆ.

"ಅರವತ್ತೈದು ಸಾವಿರದ ವಜ್ರಕ್ಕೆ ಏನೂ ಇಲ್ವಾ ಶೇಟ್ರೇ?" ಅಂತ ಆ ಅಕ್ಕ ಎರಡು ಸಲ ಕೇಳಿದರು. ನನಗೂ ಹೇಳಲು ಸಂಕಟ ಆಯಿತು. ಆದರೆ ನನ್ನ ಜಾಗದಲ್ಲಿ ನಿಂತು ನೋಡಿ. ಆ ಹರಳನ್ನು ಉಂಗುರದಿಂದ ಬಿಡಿಸಬೇಕು. ಇನ್ನೊಬ್ಬರಿಗೆ ಮಾರುವುದಾದರೆ ಮತ್ತೆ ಪರೀಕ್ಷೆ ಮಾಡಿಸಬೇಕು. ಇದಕ್ಕೆಲ್ಲ ಖರ್ಚು ಇದೆ. ಅಷ್ಟರೊಳಗೆ ಸೂರತ್‌ನ ವ್ಯಾಪಾರಿ ಅದೇ ಬಣ್ಣದ, ಅದೇ ತೂಕದ ಹೊಚ್ಚ ಹೊಸ ಹರಳನ್ನು ಹೊಸ ಸರ್ಟಿಫಿಕೇಟ್ ಸಮೇತ ಅಗ್ಗಕ್ಕೆ ಕೊಡುತ್ತಾನೆ. ಬರುವ ವರ್ಷ ಇನ್ನೂ ಅಗ್ಗಕ್ಕೆ ಕೊಡಬಹುದು. ಹಳೆಯದನ್ನು ಕೊಂಡಿಟ್ಟುಕೊಂಡರೆ ದಿನ ಕಳೆದಂತೆ ನನಗೇ ನಷ್ಟ. ಹರಳಿನಲ್ಲಿ ದೋಷ ಇದೆ ಅಂತಲ್ಲ, ಅದು ಚೆನ್ನಾಗಿಯೇ ಇತ್ತು. ಹಳೇ ಹರಳನ್ನು ಕೊಳ್ಳುವವರು ಇಲ್ಲ, ಅಷ್ಟೇ.

ಅವರು ಉಂಗುರ ಕೊಡಲಿಲ್ಲ. ನಾನೂ ಕೊಡಬೇಡಿ ಅಂದೆ. ಬಳೆಯನ್ನು ಮನೆಯ ಹಳೇ ಚಿನ್ನದಲ್ಲೇ ಮಾಡಿಸಿದರು. ಉಂಗುರದ ಸುತ್ತಳತೆಯನ್ನು ಎರಡು ಸೈಜ್ ದೊಡ್ಡದು ಮಾಡಿಕೊಟ್ಟೆ. ಈಗ ಸೊಸೆ ಹಾಕುತ್ತಿದ್ದಾಳೆ.

ಹಾಗಾದರೆ ಗಣಿ ವಜ್ರ ತಗೊಂಡಿದ್ದರೆ ದುಡ್ಡು ಉಳಿಯುತ್ತಿತ್ತು, ಅಲ್ವಾ?

ಇಲ್ಲೇ ಬಹಳ ಜನ ಎಡವುತ್ತಾರೆ. ಅದೇ ಉಂಗುರಕ್ಕೆ ಅಷ್ಟೇ ದೊಡ್ಡ ಗಣಿ ವಜ್ರ ಹಾಕಿಸಿದ್ದರೆ ಹರಳಿಗೇ ಮೂರು-ಮೂರೂವರೆ ಲಕ್ಷ ಕೊಡಬೇಕಿತ್ತು. ಮೂರೂವರೆ ಅಂತಲೇ ಹಿಡಿಯೋಣ. ಬೇರೆ ಅಂಗಡಿಗೆ ಮಾರಲು ಹೋದರೆ, ಒಳ್ಳೆಯ ಸರ್ಟಿಫಿಕೇಟ್ ಇದ್ದರೂ, ನಾನು ನೋಡಿದ ಮಟ್ಟಿಗೆ ಅರ್ಧದ ಆಸುಪಾಸು ಸಿಕ್ಕರೆ ಪುಣ್ಯ. ಒಂದೂಮುಕ್ಕಾಲು ಲಕ್ಷ ಬಂತು ಅಂದುಕೊಳ್ಳಿ. ಅಂದರೆ ಒಂದೂಮುಕ್ಕಾಲು ಲಕ್ಷ ಹೋಯಿತು.

ಲ್ಯಾಬ್ ವಜ್ರದಲ್ಲಿ ಹರಳಿನ ಬೆಲೆ ಪೂರ್ತಿ ಹೋಯಿತು, ಆದರೆ ಹೋದದ್ದು 65,000. ಗಣಿ ವಜ್ರದಲ್ಲಿ ಅರ್ಧ ಉಳಿಯಿತು, ಆದರೆ ಹೋದದ್ದು 1,75,000. ನೂರಕ್ಕೆ ಎಷ್ಟು ಅಂತ ನೋಡಿದರೆ ಗಣಿಯದ್ದು ಮೇಲು, ಕೈಬಿಟ್ಟ ರೂಪಾಯಿ ನೋಡಿದರೆ ಲ್ಯಾಬಿನದ್ದೇ ಮೇಲು. ವ್ಯಾಪಾರ ಮಾಡುವವರು ತಮಗೆ ಬೇಕಾದ ಒಂದೇ ಲೆಕ್ಕ ಹೇಳುತ್ತಾರೆ. ನೀವು ಎರಡನ್ನೂ ಮಾಡಿ.

ಗಣಿ ವಜ್ರದಲ್ಲಿ ಅರ್ಧ ಹೋಗುವುದು ಯಾಕೆ? ನೀವು ಕೊಟ್ಟ ಬೆಲೆಯೊಳಗೆ ಅಂಗಡಿಯ ಲಾಭ, ಬಾಡಿಗೆ, ಜಾಹೀರಾತು, ತೆರಿಗೆ ಎಲ್ಲ ಸೇರಿತ್ತು. ಕೊಳ್ಳುವವನು ನೋಡುವುದು ಸಗಟು ದರವನ್ನು, ಅದರ ಮೇಲೂ ತನ್ನ ಲಾಭ ಕಳೆಯುತ್ತಾನೆ. ಇನ್ನೊಂದು ಮಾತು: 2022ರಿಂದ ಈಚೆಗೆ ಗಣಿ ವಜ್ರದ ದರವೂ ಇಳಿದಿದೆ. "ವಜ್ರ ಯಾವತ್ತೂ ಏರುತ್ತದೆ" ಅನ್ನುವುದು ಈ ಕಾಲಕ್ಕೆ ಸರಿಹೋಗದ ಮಾತು. ಕಷ್ಟಕಾಲಕ್ಕೆ ಇರಲಿ ಅನ್ನುವ ದುಡ್ಡಾದರೆ ಚಿನ್ನ ತೆಗೆದುಕೊಳ್ಳಿ.

ಅಂಗಡಿಯವರು ಪೂರ್ತಿ ಬೆಲೆಗೆ ವಾಪಸ್ ತಗೋತೀವಿ ಅಂದಿದ್ದಾರೆ. ಅದು?

ಅದು ನಿಜವೂ ಇರಬಹುದು. ಆದರೆ ಮಾತಿನ ಒಳಗೆ ಏನಿದೆ ನೋಡಿ. ಬದಲಾಯಿಸಿಕೊಳ್ಳುವುದು ಬೇರೆ, ನಗದು ಕೊಡುವುದು ಬೇರೆ. "ಪೂರ್ತಿ ಬೆಲೆ" ಅನ್ನುವುದು ಹೆಚ್ಚಾಗಿ ಬದಲಿ ಒಡವೆಗೆ ಮಾತ್ರ, ಅದೂ ಅದೇ ಅಂಗಡಿಯಲ್ಲಿ. ನಗದಿಗೆ ಬೇರೆ ಪ್ರಮಾಣ ಇರುತ್ತದೆ. ಆಮೇಲೆ, ಯಾವ ಬೆಲೆಯ ಪೂರ್ತಿ? ನೀವು ಕೊಟ್ಟ ಬಿಲ್ಲಿನದೋ, ವಾಪಸ್ ಕೊಡುವ ದಿನದ ದರದ್ದೋ? ಲ್ಯಾಬ್ ವಜ್ರಕ್ಕೆ "ಆ ದಿನದ ದರ" ಅಂತ ಬರೆದಿದ್ದರೆ, ಇಳಿದ ದರವೇ ನಿಮಗೆ ಬರುವುದು.

ಇವೆರಡನ್ನೂ ಬಿಲ್ಲಿನ ಮೇಲೆಯೇ ಬರೆಸಿ. ಬಾಯಿಮಾತು, ವಾಟ್ಸಾಪ್ ಜಾಹೀರಾತು ಸಾಲುವುದಿಲ್ಲ. ಮೂಲ ಸರ್ಟಿಫಿಕೇಟ್ ಕಳೆದುಹೋದರೆ ವಾಪಸ್ ಇಲ್ಲ ಅನ್ನುವ ಷರತ್ತೂ ಸಾಮಾನ್ಯ. ಅದನ್ನು ಚಿನ್ನದ ಜೊತೆಗೇ ಕಪಾಟಿನಲ್ಲಿಡಿ. ನಮ್ಮ ಕಡೆಯ ಮಳೆಗಾಲಕ್ಕೆ ಕಾಗದ ಬೂಸಲು ಹಿಡಿಯುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡುವುದು ಒಳ್ಳೆಯದು.

ಸರ್ಟಿಫಿಕೇಟ್ ಇದೆ. ಅಂದ್ರೆ ಗಣಿ ವಜ್ರ ಅಂತ ಅಲ್ವಾ?

ಅಲ್ಲವೇ ಅಲ್ಲ. ಗಣಿ ವಜ್ರವನ್ನು ಪರೀಕ್ಷೆ ಮಾಡುವ ಜಿಐಎ, ಐಜಿಐಯಂಥ ಸಂಸ್ಥೆಗಳೇ ಇವತ್ತು ಲ್ಯಾಬ್ ವಜ್ರಕ್ಕೂ ಸರ್ಟಿಫಿಕೇಟ್ ಕೊಡುತ್ತವೆ. ಜಿಐಎ 2007ರಿಂದಲೇ ಕೊಡುತ್ತಿದೆ. ಐಜಿಐಯದ್ದಂತೂ ನಮ್ಮ ಕಡೆ ತುಂಬಾ ನೋಡುತ್ತೇವೆ. ಸರ್ಟಿಫಿಕೇಟ್ ಅನ್ನುವುದು ಹರಳಿನ ಜಾತಕದ ಹಾಗೆ. ಅದರಲ್ಲಿ ಹುಟ್ಟಿದ ಜಾಗವೂ ಬರೆದಿರುತ್ತದೆ. ಓದದೆ ಪೆಟ್ಟಿಗೆಯಲ್ಲಿಟ್ಟರೆ ಏನು ಪ್ರಯೋಜನ?

ಐಜಿಐ ಕಾಗದವಾದರೆ ಮೊದಲು ತಲೆಬರಹ ನೋಡಿ. ಲ್ಯಾಬಿನದ್ದಾದರೆ LABORATORY GROWN DIAMOND ಅಂತ ಇರುತ್ತದೆ. ವಿವರಣೆಯ ಸಾಲಿನಲ್ಲಿ ಅದೇ ಪದ ಮತ್ತೆ ಬರುತ್ತದೆ. ಸಂಖ್ಯೆ LG ಇಂದ ಶುರುವಾಗುತ್ತದೆ. ಕೆಳಗೆ ಟಿಪ್ಪಣಿಯ ಜಾಗದಲ್ಲಿ ಸಿವಿಡಿಯೋ ಎಚ್‌ಪಿಎಚ್‌ಟಿಯೋ, ಬೆಳೆದ ಮೇಲೆ ಬಣ್ಣ ಸರಿಪಡಿಸುವ ಸಂಸ್ಕಾರ ಆಗಿರಬಹುದೋ ಅಂತ ಬರೆದಿರುತ್ತಾರೆ. ಈ ಟಿಪ್ಪಣಿ ಚಿಕ್ಕ ಅಕ್ಷರದಲ್ಲಿರುತ್ತದೆ. ಅದನ್ನೇ ಮೊದಲು ಓದಿ.

ಜಿಐಎಯಲ್ಲಿ ಒಂದು ಬದಲಾವಣೆ ಆಗಿದೆ. ಗಣಿ ವಜ್ರಕ್ಕೆ ಬಣ್ಣ D ಇಂದ Z ತನಕ, ಸ್ವಚ್ಛತೆಗೆ VS1, SI2 ಅಂತೆಲ್ಲ ದರ್ಜೆ ಕೊಡುವ ಪದ್ಧತಿ ಇದೆಯಲ್ಲ, ಅದನ್ನು ಲ್ಯಾಬ್ ವಜ್ರಕ್ಕೂ ಕೆಲವು ವರ್ಷ ಕೊಡುತ್ತಿದ್ದರು. 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಾರೆ. ಈಗ ಲ್ಯಾಬ್ ವಜ್ರಕ್ಕೆ ಪ್ರೀಮಿಯಂ, ಸ್ಟ್ಯಾಂಡರ್ಡ್ ಅಂತ ಎರಡೇ ದರ್ಜೆ. ಬಹುತೇಕ ಲ್ಯಾಬ್ ಹರಳುಗಳು ಮೇಲಿನ ದರ್ಜೆಗಳಲ್ಲೇ ಬಂದು ಕೂರುತ್ತಿದ್ದವು, ಅಷ್ಟು ಸೂಕ್ಷ್ಮವಾದ ಅಳತೆಗೋಲು ಅವಕ್ಕೆ ಬೇಕಾಗಿಲ್ಲ ಅನ್ನುವುದು ಅವರ ವಾದ. ನನಗೆ ಇದು ಸರಿ ಅನಿಸುತ್ತದೆ. ಹಳೇ ಜಿಐಎ ಕಾಗದ ಸಿಕ್ಕರೆ ಇನ್ನೊಂದು ವಿಷಯ ಗಮನಿಸಿ: 2019ಕ್ಕಿಂತ ಮುಂಚೆ ಅವರು ಲ್ಯಾಬ್ ವಜ್ರದ ಕಾಗದದಲ್ಲಿ "ಸಿಂಥೆಟಿಕ್" ಅನ್ನುವ ಪದ ಬಳಸುತ್ತಿದ್ದರು.

ಅಂಗಡಿಯವರೇ ಅಚ್ಚು ಹಾಕಿಸಿದ ಚಂದದ ಕಾರ್ಡ್ ಇರುತ್ತದಲ್ಲ, ಅದು ಸರ್ಟಿಫಿಕೇಟ್ ಅಲ್ಲ. ಅದು ಅಂಗಡಿಯ ಮಾತು.

ಕಾಗದ ಸರಿ ಇದೆ. ಆದರೆ ಆ ಕಾಗದ ಇದೇ ಹರಳಿನದ್ದು ಅಂತ ಹೇಗೆ ತಿಳಿಯುವುದು?

ಒಳ್ಳೆಯ ಪ್ರಶ್ನೆ. ಇದನ್ನು ಕೇಳುವವರು ಕಡಿಮೆ. ಗಣಿ ವಜ್ರದ ನಿಜವಾದ ಸಂಖ್ಯೆಯನ್ನು ಲ್ಯಾಬ್ ವಜ್ರದ ಸೊಂಟದ ಮೇಲೆ ಕೆತ್ತಿ ಮಾರಲು ನೋಡಿದ ಪ್ರಕರಣಗಳನ್ನು ಜಿಐಎಯೇ ಬಯಲು ಮಾಡಿದೆ. ಕೆತ್ತನೆಯ ಸಂಖ್ಯೆ ಕೂಡಿಬಂತು ಅಂದ ಮಾತ್ರಕ್ಕೆ ಸಮಾಧಾನ ಬೇಡ.

ನಾವು ಮಾಡುವುದು ಹೀಗೆ. ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡುತ್ತೇವೆ. ಜಿಐಎಗೆ gia.edu, ಐಜಿಐಗೆ igi.org. ಕಾಗದದ ಮೇಲಿನ ಕ್ಯೂಆರ್ ಕೋಡ್ ಬಿಟ್ಟು ವಿಳಾಸವನ್ನು ನಾವೇ ಟೈಪ್ ಮಾಡುತ್ತೇವೆ. ನಕಲಿ ಕಾಗದದ ಕೋಡ್ ನಕಲಿ ತಾಣಕ್ಕೇ ಒಯ್ಯಬಹುದು. ಆಮೇಲೆ ಬಿಡಿ ಹರಳಾದರೆ ತೂಕ ಮಾಡುತ್ತೇವೆ, ಅಗಲ ಮತ್ತು ಆಳವನ್ನು ಗೇಜ್ ಹಿಡಿದು ಅಳೆಯುತ್ತೇವೆ. ಕಾಗದದಲ್ಲಿ ಇವು ಮಿಲಿಮೀಟರಿನ ನೂರನೇ ಭಾಗದವರೆಗೂ ಬರೆದಿರುತ್ತವೆ. ತೂಕ ಕೂಡಿಬಂದು, ಮೂರು ಅಳತೆಯೂ ಕೂಡಿಬಂದು, ಒಳಗಿನ ಚುಕ್ಕೆ-ಗೆರೆಗಳು ಕಾಗದದ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲೇ ಇದ್ದರೆ, ಆಗ ನಂಬಬಹುದು. ಅಳತೆ 0.05 ಮಿಲಿಮೀಟರ್ ಆಚೀಚೆ ಆದರೂ ನಾನು ನಿಲ್ಲಿಸಿಬಿಡುತ್ತೇನೆ.

ಒಡವೆಗೆ ಕೂರಿಸಿದ ಹರಳಿನಲ್ಲಿ ಇಷ್ಟು ಮಾಡಲಾಗದು. ಕೂರಿಸಿದ ಮೇಲೆ ಪರೀಕ್ಷೆ ಮಾಡಿದ ಕಾಗದದಲ್ಲೂ "ಕೂರಿಸಿದ ಸ್ಥಿತಿಯಲ್ಲಿ ಸಾಧ್ಯವಾದಷ್ಟು" ಅನ್ನುವ ಅರ್ಥದ ಸಾಲು ಇರುತ್ತದೆ. ಅದಕ್ಕೇ ದೊಡ್ಡ ಹರಳು ಕೊಳ್ಳುವವರಿಗೆ ನಾನು ಹೇಳುವುದು: ಬಿಡಿಯಾಗಿ ನೋಡಿ, ಅಳೆಸಿ, ಆಮೇಲೆ ನಿಮ್ಮ ಕಣ್ಣೆದುರೇ ಕೂರಿಸಲು ಕೊಡಿ.

ಹಾಲ್‌ಮಾರ್ಕ್ ಇದೆಯಲ್ಲ, ಸಾಲದಾ?

ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ. ಬಿಐಎಸ್ ಗುರುತು, 18K750 ಅಂತ ಶುದ್ಧತೆ, ಆರು ಅಕ್ಷರದ ಎಚ್‌ಯುಐಡಿ, ಇವು ಹರಳಿನ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಇನ್ನೊಂದು ಗೊಂದಲ "ಕ್ಯಾರೆಟ್" ಪದದ್ದು. ಚಿನ್ನದ ಕ್ಯಾರೆಟ್ ಅಂದರೆ ಶುದ್ಧತೆ. ವಜ್ರದ ಕ್ಯಾರೆಟ್ ಅಂದರೆ ತೂಕ. ನೂರು ಸೆಂಟ್ ಸೇರಿದರೆ ಒಂದು ಕ್ಯಾರೆಟ್. "ಮೂವತ್ತು ಸೆಂಟಿನ ಹರಳು" ಅಂದರೆ 0.30 ಕ್ಯಾರೆಟ್.

ಸುತ್ತ ಇರುವ ಚಿಕ್ಕ ಚಿಕ್ಕ ಹರಳುಗಳ ಕಥೆ ಏನು?

ಒಂದೆರಡು ಸೆಂಟಿನ ಹರಳಿಗೆ ಯಾರೂ ಬೇರೆ ಬೇರೆ ಸರ್ಟಿಫಿಕೇಟ್ ಮಾಡಿಸುವುದಿಲ್ಲ. ಗಣಿ ಹರಳಿನ ಪೊಟ್ಟಣದಲ್ಲಿ ಲ್ಯಾಬ್ ಹರಳು ಬೆರೆಸುವ ಕಳ್ಳಾಟ ನಡೆಯುವುದೂ ಇಲ್ಲೇ. ಅಂಗಡಿಯವನಿಗೇ ಗೊತ್ತಿಲ್ಲದೆ ಬಂದಿರಬಹುದು. ಪರೀಕ್ಷೆ ಮಾಡಿದ ಪೊಟ್ಟಣದಿಂದ ಕೊಂಡದ್ದಾ ಅಂತ ಕೇಳಿ. ವಾಪಸ್ ಮಾರುವಾಗ ಈ ಚಿಕ್ಕ ಹರಳುಗಳಿಗೆ, ಗಣಿಯದ್ದಾದರೂ, ಹೆಚ್ಚಿನವರು ದುಡ್ಡು ಕೊಡುವುದಿಲ್ಲ.

ಬಿಲ್ಲಿನಲ್ಲಿ ಏನು ಬರೆಸಬೇಕು?

ಸಿದ್ದಾಪುರದ ಅಕ್ಕನ ಬಿಲ್ಲಿನಲ್ಲಿ ಹರಳಿನ ಎದುರು "ಡೈಮಂಡ್" ಅಂತಷ್ಟೇ ಇತ್ತು. ತಪ್ಪು ಆದದ್ದು ಅಲ್ಲಿ. ಐಎಸ್‌ಒ 18323 ಅನ್ನುವ 2015ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಬರೀ "ವಜ್ರ" ಅಂದರೆ ಗಣಿ ವಜ್ರ. ಲ್ಯಾಬಿನದ್ದಾದರೆ ಅದನ್ನು ಬಿಡಿಸಿ ಹೇಳಲೇಬೇಕು. ಮಗನಿಗೆ ಕೊಳ್ಳುವಾಗ ಬಾಯಲ್ಲಿ ಹೇಳಿದ್ದರಂತೆ, ಅವನು ಮನೆಯಲ್ಲಿ ಹೇಳಿರಲಿಲ್ಲ. ಬಿಲ್ ನೋಡಿದ ತಾಯಿಗೆ ಹೇಗೆ ಗೊತ್ತಾಗಬೇಕು?

ನೀವು ಹೀಗೆ ಬರೆಸಿ: "ಲ್ಯಾಬಿನಲ್ಲಿ ಬೆಳೆದ ವಜ್ರ" ಅಥವಾ "ನೈಸರ್ಗಿಕ ವಜ್ರ", ಅದರ ಪಕ್ಕದಲ್ಲಿ ತೂಕ, ಸರ್ಟಿಫಿಕೇಟ್ ಸಂಖ್ಯೆ ಮತ್ತು ಹರಳಿನ ಬೆಲೆ ಪ್ರತ್ಯೇಕವಾಗಿ. ಚಿನ್ನದ ನಿವ್ವಳ ತೂಕ ಬೇರೆ, ಮಜೂರಿ ಬೇರೆ. ಎಲ್ಲ ಸೇರಿಸಿ ಒಂದೇ ಮೊತ್ತ ಹಾಕಿದ ಬಿಲ್ ತೆಗೆದುಕೊಳ್ಳಬೇಡಿ. ಬಿಡಿ ಹರಳು ಕೊಂಡರೆ ಇನ್ನೊಂದು ಗುರುತಿದೆ. ಬಿಲ್ಲಿನಲ್ಲಿ ಸರಕು ಯಾವುದು ಅಂತ ತಿಳಿಸುವ ಎಚ್‌ಎಸ್‌ಎನ್ ಸಂಖ್ಯೆ ಗಣಿ ವಜ್ರಕ್ಕೆ 7102 ಇಂದ, ಲ್ಯಾಬ್ ವಜ್ರಕ್ಕೆ 7104 ಇಂದ ಶುರುವಾಗುತ್ತದೆ. ತಯಾರಾದ ಒಡವೆಗೆ ಎರಡಕ್ಕೂ 7113 ಇರುವುದರಿಂದ ಅಲ್ಲಿ ಈ ಉಪಾಯ ನಡೆಯದು.

ಅಡ ಇಟ್ಟರೆ ವಜ್ರಕ್ಕೆ ಸಾಲ ಸಿಗುತ್ತಾ?

ಇಲ್ಲ. ಚಿನ್ನದ ಸಾಲದಲ್ಲಿ ಬ್ಯಾಂಕಿನವರು ಚಿನ್ನದ ಬೆಲೆ ಮಾತ್ರ ಹಿಡಿಯುತ್ತಾರೆ, ಹರಳಿನ ತೂಕ ಕಳೆಯುತ್ತಾರೆ. ಲ್ಯಾಬಿನದ್ದಾಗಲಿ ಗಣಿಯದ್ದಾಗಲಿ ಒಂದೇ.

ಗಣಿ ವಜ್ರ ಅಂತ ದುಡ್ಡು ತಗೊಂಡು ಲ್ಯಾಬಿನದ್ದು ಕೊಟ್ಟಿದ್ದಾರೆ. ಎಲ್ಲಿಗೆ ಹೋಗಬೇಕು?

ಮೊದಲು ಜಿಐಎ ಅಥವಾ ಐಜಿಐಯಂಥ ಲ್ಯಾಬಿನಿಂದ ಬರಹದಲ್ಲಿ ತೀರ್ಮಾನ ತರಿಸಿ. ನಮ್ಮ ಮಾತು ಸಾಕ್ಷಿಯಾಗಿ ನಿಲ್ಲುವುದಿಲ್ಲ. ಆಮೇಲೆ ಅಂಗಡಿಗೆ ಲಿಖಿತ ದೂರು ಕೊಡಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನಮ್ಮ ಜಿಲ್ಲೆಯದ್ದು ಕಾರವಾರದಲ್ಲಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಒಂದು ಅನುಕೂಲ ಇದೆ: ಬೆಂಗಳೂರಿನಲ್ಲೋ ಆನ್‌ಲೈನ್‌ನಲ್ಲೋ ಕೊಂಡಿದ್ದರೂ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ.

ನೀವಾದರೆ ಯಾವುದು ತಗೋತೀರಿ?

ದಿನಾ ಹಾಕುವ ಓಲೆ, ಮಗಳು ಆಸೆಪಟ್ಟ ದೊಡ್ಡ ಹರಳಿನ ಉಂಗುರ ಆದರೆ ಲ್ಯಾಬ್ ವಜ್ರ. ಅದೂ ರೇಷ್ಮೆ ಸೀರೆಗೆ ದುಡ್ಡು ಕೊಟ್ಟ ಹಾಗೆ ಕೊಡುತ್ತೇನೆ, ವಾಪಸ್ ಬರುತ್ತದೆ ಅನ್ನುವ ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಮನೆತನದಲ್ಲಿ ಉಳಿಯಲಿ ಅನ್ನುವ ಮೂಗುಬೊಟ್ಟಿಗೆ ಗಣಿಯ ಹರಳು, ಚಿಕ್ಕದಾದರೂ ಸರಿ. ಸಾಲ ಮಾಡಿ ಯಾವುದನ್ನೂ ತೆಗೆದುಕೊಳ್ಳುವುದಿಲ್ಲ.

ಅಜ್ಜಿಯ ಕಾಲದ ವಜ್ರದ ಬೆಂಡೋಲೆ ಇದೆ. ಅದನ್ನೂ ಪರೀಕ್ಷೆ ಮಾಡಿಸಬೇಕಾ?

ಅದು ಲ್ಯಾಬಿನದ್ದೋ ಅನ್ನುವ ಸಂಶಯ ಬೇಡ. ಒಡವೆಗೆ ಹಾಕುವಂಥ ಬಿಳಿ ಲ್ಯಾಬ್ ವಜ್ರ ಅಂಗಡಿಗೆ ಬಂದದ್ದು ಈ ಹದಿನೈದು-ಇಪ್ಪತ್ತು ವರ್ಷದೊಳಗೆ. ಅರವತ್ತು ವರ್ಷದ ಹಿಂದಿನ ಓಲೆಯಲ್ಲಿ ಇದ್ದರೆ ಗಣಿ ವಜ್ರ, ಇಲ್ಲವಾದರೆ ವಜ್ರವಲ್ಲದ ಬೇರೆ ಬಿಳಿ ಕಲ್ಲು. ಅದಕ್ಕೆ ನಮ್ಮ ಪೆನ್ನೇ ಸಾಕು.

ಅಲ್ಲಿ ಎಚ್ಚರ ಬೇಕಾದದ್ದು ರಿಪೇರಿಗೆ ಕೊಡುವಾಗ. ಹಳೇ ಓಲೆಯ ಹಿಂದೆ ಮುಚ್ಚಿದ ಕಟ್ಟು ಇರುತ್ತದೆ. ಬಿಚ್ಚಿದಾಗ ಹಳೇ ಹರಳು ಹೋಗಿ ಹೊಸ ಲ್ಯಾಬ್ ಹರಳು ಬಂದು ಕೂತರೆ ನಿಮಗೆ ಗೊತ್ತೇ ಆಗುವುದಿಲ್ಲ, ಇನ್ನೂ ಜಾಸ್ತಿ ಹೊಳೆಯುತ್ತದೆ ಬೇರೆ. ಹಳೇ ಹರಳಿನ ಮುಖಗಳು ಕೈಯಲ್ಲಿ ಸಾಣೆ ಹಿಡಿದವು, ಒಂದರಂತೆ ಇನ್ನೊಂದು ಇರುವುದಿಲ್ಲ. ಕೊಡುವ ಮೊದಲು ಮೊಬೈಲಿನಲ್ಲಿ ಹತ್ತಿರದಿಂದ ಒಂದೊಂದು ಹರಳಿನ ಫೋಟೋ ತೆಗೆಯಿರಿ. ಓಲೆಯನ್ನು ತೂಕ ಮಾಡಿಸಿ. ಚೀಟಿಯಲ್ಲಿ "ಏಳು ಹರಳು, ಒಂದರ ಅಂಚು ಮುಕ್ಕಾಗಿದೆ" ಅಂತ ಬರೆಸಿ, ಸಹಿ ಹಾಕಿಸಿಕೊಳ್ಳಿ. ವಾಪಸ್ ತರುವಾಗ ಆ ಮುಕ್ಕು ಅದೇ ಜಾಗದಲ್ಲಿ ಇದೆಯಾ ಅಂತ ಲೂಪ್ ಕೇಳಿ ನೋಡಿ.